ಕ್ಲಚ್ ಪ್ಲೇಟಿನ ಕಾಲು ಭಾಗ

ಖರ್ಚು ಹಂಚಿಕೊಂಡು ನಾವು ನಾಲ್ವರು ನನ್ನ ಕಾರಿನಲ್ಲಿ ಆಫೀಸಿಗೆ ಹೋಗುತ್ತೇವೆ. ಆ ದಿನ ಬೆಳಿಗ್ಗೆ ಬೊಮ್ಮನಹಳ್ಳಿ ಹತ್ತಿರ ಎಲೆಕ್ಟ್ರಾನಿಕ್ ಸಿಟಿ ಫ್ಲೈಓವರ್ ಏರುವಾಗ ಕಾರಿನೊಳಗೆ ಸೀದ ವಾಸನೆ ಬಂತು. ಹಿಂದೆ ಕೂತಿದ್ದ ಮೇಡಂ ತಮ್ಮ ಡಬ್ಬಿ ತೆಗೆದು ಮೂಸಿ ನೋಡಿದರು. "ಒಗ್ಗರಣೆ ಸ್ವಲ್ಪ ಸೀದಿತ್ತು, ಆದ್ರೆ ಇಷ್ಟೊಂದಲ್ಲ" ಎಂದರು. ನಾನು ಆಕ್ಸಿಲರೇಟರ್ ಒತ್ತಿದೆ. ಎಂಜಿನ್ ಜೋರಾಗಿ ಕೂಗಿತು, ಕಾರು ಮಾತ್ರ ಎತ್ತಿನ ಗಾಡಿಯ ಹಾಗೆ ತೆವಳಿತು. ಪಕ್ಕದಲ್ಲಿದ್ದ ರಾಯರು, "ಸದ್ದೇನೋ ಚೆನ್ನಾಗಿದೆ, ಹೋಗ್ತಾ ಇಲ್ಲ ಅಷ್ಟೇ" ಎಂದರು.

ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಸವೆದು ಜಾರುತ್ತಿದೆ ಎಂದರ್ಥ. ಇದು ನನಗೆ ಮೆಕ್ಯಾನಿಕ್ ಹೇಳಿದ ಮೇಲೆ ಗೊತ್ತಾಯಿತು. ಅವನು ಇನ್ನೊಂದು ಮಾತೂ ಹೇಳಿದ. ಅದನ್ನು ನಾನು ಯಾರಿಗೂ ಹೇಳಲಿಲ್ಲ. ಆ ವಿಷಯ ಆಮೇಲೆ.

ಬಿಲ್ಲು 14,000 ರೂಪಾಯಿ ಆಯಿತು. ನಮ್ಮ ಕಾರಿನಲ್ಲಿ ನಾಲ್ಕು ಜನ. ಬನಶಂಕರಿಯಿಂದ ನಾನು, ಜಯನಗರದಲ್ಲಿ ಹತ್ತುವ ರಾಯರು ಮತ್ತು ಅಕೌಂಟ್ಸ್ ಮೇಡಂ, ಬಿಟಿಎಂನಲ್ಲಿ ಹತ್ತುವ ಒಬ್ಬ ಹುಡುಗ. ಅಲ್ಲಿಯವರೆಗೆ ನಮ್ಮ ಲೆಕ್ಕ ಬಹಳ ಸರಳವಾಗಿತ್ತು. ಪೆಟ್ರೋಲ್, ಟೋಲ್ ಎರಡನ್ನೂ ಕೂಡಿಸು, ನಾಲ್ಕರಿಂದ ಭಾಗಿಸು. ಅದೇ ಧೈರ್ಯದಲ್ಲಿ ನಾನು ಕ್ಲಚ್ಚನ್ನೂ ನಾಲ್ಕರಿಂದ ಭಾಗಿಸಿದೆ. ತಲೆಗೆ 3,500 ಬಂತು. ಎರಡು ಕೈಮುಗಿಯುವ ಚಿತ್ರ ಸೇರಿಸಿ ಗ್ರೂಪಿಗೆ ಹಾಕಿದೆ.

ಒಂದು ಗಂಟೆ ಗ್ರೂಪಿನಲ್ಲಿ ಉಸಿರಿಲ್ಲ. ಆಮೇಲೆ ಮೇಡಂ ಒಂದೇ ಒಂದು ಪ್ರಶ್ನೆ ಕೇಳಿದರು. "ಕಾರು ಇಲ್ಲೀವರೆಗೆ ಎಷ್ಟು ಕಿಲೋಮೀಟರ್ ಓಡಿದೆ?"

58,000 ಎಂದೆ. ಅಲ್ಲಿಗೆ ನನ್ನ ಕಥೆ ಮುಗಿಯಿತು. ನಾವು ಒಟ್ಟಿಗೆ ಓಡಾಡಲು ಶುರು ಮಾಡಿ ಆಗಿದ್ದು ನಾಲ್ಕು ತಿಂಗಳು. ದಿನಕ್ಕೆ 44 ಕಿಲೋಮೀಟರ್, ತಿಂಗಳಿಗೆ 22 ದಿನ, ಹೆಚ್ಚು ಕಡಿಮೆ 4,000 ಕಿಲೋಮೀಟರ್. 58,000 ಕಿಲೋಮೀಟರಿನಲ್ಲಿ ಸವೆದ ಕ್ಲಚ್ಚಿಗೆ ನಮ್ಮ ಗುಂಪಿನ ಲೆಕ್ಕಕ್ಕೆ ಬರುವುದು ಆ 4,000 ಮಾತ್ರ. ಅಂದರೆ 14,000ದಲ್ಲಿ ಸುಮಾರು 965 ರೂಪಾಯಿ. ತಲೆಗೆ 241.

"ನೀವು ಶಿವಮೊಗ್ಗಕ್ಕೆ ಮಾವನ ಮನೆಗೆ ಹೋಗಿ ಬಂದದ್ದಕ್ಕೆಲ್ಲ ನಾವ್ಯಾಕೆ ಕ್ಲಚ್ ಕೊಡೋದು?" ಎಂದರು ರಾಯರು. ನ್ಯಾಯವಾದ ಮಾತು. ಕೆಟ್ಟದ್ದು ಅವರು ಕೂತಿದ್ದಾಗ, ಸವೆದದ್ದು ನಾಲ್ಕು ವರ್ಷದಿಂದ. ಮೂವರಿಂದ 723 ರೂಪಾಯಿ ಬಂತು. ಮನೆಯಲ್ಲಿ ಹೆಂಡತಿ, "ಹದಿನಾಲ್ಕು ಸಾವಿರದಲ್ಲಿ ಏಳ್ನೂರಾ? ಟ್ಯಾಕ್ಸಿ ಇಟ್ಕೊಂಡಿದ್ರೂ ಇದಕ್ಕಿಂತ ವಾಸಿ" ಎಂದಳು.

ಮೇಡಂಗೂ ನನ್ನ ಮೇಲೆ ಸ್ವಲ್ಪ ಕನಿಕರ ಬಂದಿರಬೇಕು. "ಕೆಟ್ಟ ದಿನ ಚಂದಾ ಎತ್ತೋದು ತಪ್ಪು. ಸವೆಯೋದು ದಿನಾ ಸವೆಯುತ್ತೆ, ದಿನಾ ತಗೊಳ್ಳಿ" ಎಂದರು. ಶನಿವಾರ ಜಯನಗರದ ಒಂದು ದರ್ಶಿನಿಯಲ್ಲಿ ನಿಂತುಕೊಂಡೇ ಸಭೆ ನಡೆಯಿತು. ಬರೆಯಲು ಬಿಲ್ಲಿನ ಹಿಂಭಾಗ, ಒತ್ತಿಡಲು ಕಾಫಿ ಲೋಟ.

ನಾಲ್ಕು ಟೈರಿಗೆ 20,000, ಬರುವುದು ನಲವತ್ತು ಸಾವಿರ ಕಿಲೋಮೀಟರ್. ಕಿಲೋಮೀಟರಿಗೆ 50 ಪೈಸೆ. ಹತ್ತು ಸಾವಿರ ಕಿಲೋಮೀಟರಿಗೊಂದು ಸರ್ವಿಸ್, ಸರಾಸರಿ 8,000. ಅದು 80 ಪೈಸೆ. ಕ್ಲಚ್ 24, ಬ್ರೇಕ್ ಪ್ಯಾಡ್ ಹತ್ತು. ಒಟ್ಟು 1 ರೂಪಾಯಿ 64 ಪೈಸೆ. ನಾನು ಇನ್ಶೂರೆನ್ಸ್ ಸೇರಿಸಲು ಹೋದೆ. ಮೇಡಂ ಪೆನ್ನು ಎತ್ತಿದರು. "ಕಾರು ಮನೆ ಮುಂದೆ ನಿಂತಿದ್ರೂ ಅದನ್ನ ಕಟ್ತೀರಾ ಅಲ್ವಾ? ಹಾಗಾದ್ರೆ ಅದು ನಿಮ್ಮದು." ಬ್ಯಾಟರಿಗೂ ಅದೇ ತೀರ್ಪು ಬಂತು. ಬ್ಯಾಟರಿಯ ಆಯಸ್ಸು ಹೆಚ್ಚಾಗಿ ಕಳೆಯುವುದು ವರ್ಷದ ಲೆಕ್ಕದಲ್ಲಿ, ಕಿಲೋಮೀಟರ್ ಲೆಕ್ಕದಲ್ಲಲ್ಲ.

ಮಾರುವಾಗ ಬೆಲೆ ಇಳಿಯುತ್ತದಲ್ಲ, ಅದು? ಅದರಲ್ಲಿ ಸ್ವಲ್ಪ ವಯಸ್ಸಿನದು, ಸ್ವಲ್ಪ ಓಟದ್ದು. ಹುಡುಗ ಒಬ್ಬ ಹಳೇ ಕಾರಿನ ವ್ಯಾಪಾರಿಗೆ ಫೋನ್ ಹಚ್ಚಿ ಕೇಳಿದ. ಇದೇ ಕಾರು, ಇದೇ ವರ್ಷದ್ದು, 30,000 ಕಿಲೋಮೀಟರ್ ಕಡಿಮೆ ಓಡಿದ್ದರೆ? "25,000 ಜಾಸ್ತಿ ಸಿಗ್ತಿತ್ತು" ಎಂದನಂತೆ. ಅದು ಕಿಲೋಮೀಟರಿಗೆ 83 ಪೈಸೆ. ಎಲ್ಲ ಸೇರಿ ಎರಡೂವರೆ ರೂಪಾಯಿ ಎಂದು ಇಟ್ಟೆವು. ವ್ಯಾಪಾರಿ ಆಮೇಲೆ ಒಂದು ವಾರ ದಿನಾ ಫೋನ್ ಮಾಡಿ ಕಾರು ಯಾವಾಗ ಕೊಡ್ತೀರಿ ಎಂದು ಕೇಳುತ್ತಿದ್ದ.

ಪೆಟ್ರೋಲಿನ ಸರದಿ ಬಂದಾಗ ನಾನು ಮೀಟರ್ ಬೋರ್ಡಿನ ಫೋಟೋ ತೋರಿಸಿದೆ. ಲೀಟರಿಗೆ 14.6 ಎಂದಿತ್ತು. ಕಾರು ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಮಾತು ಅದು, ಮದುವೆ ಬಯೋಡೇಟಾ ಇದ್ದ ಹಾಗೆ. ಸರಿಯಾದ ದಾರಿ ಬೇರೆ. ಬಂಕಿನಲ್ಲಿ ಪೈಪು ತಾನಾಗಿ ನಿಲ್ಲುವವರೆಗೆ ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ, ಎರಡು ವಾರ ಓಡಿಸಿ, ಅದೇ ಬಂಕಿನಲ್ಲಿ ಮತ್ತೆ ಹಾಗೇ ತುಂಬಿಸುವುದು. ನಮಗೆ 412 ಕಿಲೋಮೀಟರಿಗೆ 34.3 ಲೀಟರ್ ಹಿಡಿಯಿತು. ಲೀಟರಿಗೆ ಹನ್ನೆರಡು. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಏಸಿ ಹಾಕಿಕೊಂಡು ನಿಂತರೆ ಇನ್ನೆಷ್ಟು ಬಂದೀತು? ಲೀಟರಿಗೆ 103 ರೂಪಾಯಿ ಎಂದರೆ ಕಿಲೋಮೀಟರಿಗೆ ಎಂಟೂವರೆ. ಸವೆತ ಸೇರಿ 11 ರೂಪಾಯಿ. ಇಷ್ಟು ತಿಂಗಳು 14.6 ನಂಬಿಕೊಂಡು ನಾನೇ ಕೈಯಿಂದ ಹಾಕುತ್ತಿದ್ದೆ.

ಅಷ್ಟರಲ್ಲಿ ಹುಡುಗ ಬಾಯಿ ಬಿಟ್ಟ. "ಸರ್, ನಾನು ಹತ್ತೋದು ಬಿಟಿಎಂನಲ್ಲಿ. ಬನಶಂಕರಿಯಿಂದ ಯಾಕೆ ಕೊಡ್ತಿದೀನಿ?" ನಾಲ್ಕು ತಿಂಗಳು ಅವನು ಇದನ್ನು ಹೇಗೆ ನುಂಗಿಕೊಂಡಿದ್ದನೋ.

ಆಗ ಮೇಡಂ ದಾರಿಯನ್ನು ಮೂರು ತುಂಡು ಮಾಡಿದರು. ಪ್ರತಿ ತುಂಡಿನ ಖರ್ಚನ್ನು ಆ ತುಂಡಿನಲ್ಲಿ ಕಾರಿನಲ್ಲಿ ಇದ್ದವರು ಮಾತ್ರ ಹಂಚಿಕೊಳ್ಳಬೇಕು. ಮೊದಲ 4 ಕಿಲೋಮೀಟರ್ ನಾನೊಬ್ಬನೇ, 44 ರೂಪಾಯಿ ಪೂರ್ತಿ ನನ್ನದು. ಜಯನಗರದಿಂದ ಬಿಟಿಎಂಗೆ 5 ಕಿಲೋಮೀಟರ್, 55 ರೂಪಾಯಿ, ಮೂವರಿಗೆ. ಅಲ್ಲಿಂದ ಆಫೀಸಿಗೆ 13, ಅಂದರೆ 143 ರೂಪಾಯಿ, ನಾಲ್ವರಿಗೆ. ಟೋಲಿಗೆ ಹೋಗಿ ಬರಲು 90 ಎಂದು ಹಿಡಿದು ಒಂದು ಸಲಕ್ಕೆ 45, ಅದೂ ನಾಲ್ವರಿಗೆ. ಕೊನೆಗೆ ಹುಡುಗನಿಗೆ 47, ಜಯನಗರದವರಿಗೆ ತಲಾ 65, ನನಗೆ 110. ಕೂಡಿದರೆ ಸರಿಯಾಗಿ 287. ಸಮನಾಗಿ ಹಂಚಿದ್ದರೆ ಹುಡುಗ ಸುಮಾರು 72 ಕೊಡಬೇಕಿತ್ತು. ತಿಂಗಳಿಗೆ ಸಾವಿರದ ಮೇಲೆ ಅವನಿಗೆ ಉಳಿಯಿತು. ಅವನ ಮುಖ ನೋಡಬೇಕಿತ್ತು. ಆ ದಿನದ ಕಾಫಿ ಅವನದೇ.

ಟೋಲಿನ ಬಗ್ಗೆ ರಾಯರದ್ದು ಬೇರೆ ತಕರಾರು. "ನನಗೆ ಅರ್ಜೆಂಟ್ ಇಲ್ಲ. ಕೆಳಗಡೆ ರಸ್ತೆ ಫ್ರೀ ಇದೆಯಲ್ಲ?" 2010ರಲ್ಲಿ ಫ್ಲೈಓವರ್ ಬಂದಾಗಿನಿಂದ ಬೆಂಗಳೂರಿನ ಎಷ್ಟೋ ಕಾರುಗಳಲ್ಲಿ ನಡೆದಿರುವ ಜಗಳ ಇದು. ಅವರ ಮಾತಿಗೆ ಬೆಲೆ ಕೊಟ್ಟು ಒಂದು ಸೋಮವಾರ ಕೆಳಗೇ ಹೋದೆವು. ಕೂಡ್ಲು ಗೇಟಿನಲ್ಲಿ ರಾಯರಿಗೆ ಒಂದು ನಿದ್ದೆ ಆಯಿತು. ನಾಲ್ವರಿಗೂ ಲೇಟ್ ಬಿತ್ತು. ಮಂಗಳವಾರ ಅವರೇ, "ಮೇಲೇ ಹೋಗಿ ಮಾರಾಯರೇ" ಎಂದರು. ಅದೇ ದಿನ ವಾಪಸ್ ಬಂದರೆ ಸಂಜೆ ಟೋಲ್ ಕಡಿಮೆ ಕಟ್ ಆಗುತ್ತದೆ. ಹಾಗಾಗಿ ಬೆಳಗಿನದು ಜಾಸ್ತಿ, ಸಂಜೆಯದು ಕಡಿಮೆ ಎಂದು ಜಗಳ ಬೇಡ ಎಂದೇ ದಿನದ ಮೊತ್ತವನ್ನು ಅರ್ಧ ಮಾಡಿದ್ದು.

ನಿಜವಾದ ತಲೆನೋವು ರಜೆ. ರಾಯರು ಬರದಿದ್ದರೆ ಕಾರು ಅಷ್ಟೇ ಪೆಟ್ರೋಲ್ ಕುಡಿಯುತ್ತದೆ, ಟೋಲೂ ಅಷ್ಟೇ. ಹುಡುಗನ 47 ಮಾತ್ರ 63 ಆಗುತ್ತದೆ. ರಾಯರಿಗೆ ಬೆಳಿಗ್ಗೆ ಏಳೂವರೆಗೆ ಹೊಟ್ಟೆನೋವು ಬರುವ ಅಭ್ಯಾಸ. ಹಿಂದಿನ ರಾತ್ರಿ ಒಂಬತ್ತರೊಳಗೆ ಹೇಳಿದರೆ ದುಡ್ಡಿಲ್ಲ, ಆಮೇಲೆ ಹೇಳಿದರೆ ಸೀಟಿನ ದುಡ್ಡು ಕೊಡಬೇಕು ಎಂದು ನಿಯಮ ಮಾಡಿದೆವು. ಈಗ ಅವರ ಹೊಟ್ಟೆನೋವು ರಾತ್ರಿ 8.55ಕ್ಕೆ ಬರುತ್ತದೆ.

ಇನ್ನೊಂದು ಸಲ ಹುಡುಗನ ಗೆಳೆಯನೊಬ್ಬ ಬಿಟಿಎಂನಲ್ಲಿ ಹತ್ತಿದ. ಇಳಿಯುವಾಗ ನನ್ನ ಕೈಗೆ 150 ತುರುಕಿದ. ನಾನು ಜೇಬಿಗಿಡುವಷ್ಟರಲ್ಲಿ ಮೇಡಂ ಹಿಂದಿನಿಂದ ಕೆಮ್ಮಿದರು. ಖರ್ಚು ಹಂಚಿಕೊಳ್ಳುವುದು ಬೇರೆ, ಬಾಡಿಗೆ ತಗೊಳ್ಳುವುದು ಬೇರೆ. ಬಿಳಿ ಬೋರ್ಡಿನ ಕಾರಿನಲ್ಲಿ ಬಾಡಿಗೆ ತಗೊಂಡರೆ ಆರ್‌ಟಿಒ ಹಿಡಿಯಬಹುದು. ಅದಕ್ಕಿಂತ ಕೆಟ್ಟದ್ದೆಂದರೆ, ಖಾಸಗಿ ಕಾರಿನ ಪಾಲಿಸಿಯಲ್ಲಿ ಬಾಡಿಗೆ ಓಟ ಸೇರಿರುವುದಿಲ್ಲ. ಏನಾದರೂ ಆದ ದಿನ ವಿಮೆಯವರು ಕೈ ಎತ್ತಲು ಅಷ್ಟು ಸಾಕು. ಅದಕ್ಕೇ ನನ್ನ ಪಾಲೂ ಲೆಕ್ಕದಲ್ಲಿ ಇರಬೇಕು, ಕೈಗೆ ಬಂದ ದುಡ್ಡು ಖರ್ಚಿಗಿಂತ ಯಾವತ್ತೂ ಕಡಿಮೆ ಇರಬೇಕು. 150 ವಾಪಸ್ ಹೋಯಿತು. ಸ್ವಲ್ಪ ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ.

ಹೀಗೆ ಎಲ್ಲ ಸರಿಹೋಗಿತ್ತು. ಹೋದ ತಿಂಗಳು ಸರ್ವಿಸಿಗೆ ಬಿಟ್ಟಿದ್ದ ಕಾರು ತರಲು ಹೋದಾಗ, ದಾರಿಯಲ್ಲಿ ಸಿಕ್ಕ ರಾಯರೂ ಜೊತೆಗೆ ಬಂದರು. ಮೆಕ್ಯಾನಿಕ್ ಕೀ ಕೊಡುತ್ತಾ ಕೇಳಿಯೇಬಿಟ್ಟ. "ಸಾರ್, ಈಗ್ಲಾದ್ರೂ ಕಾಲು ತೆಗಿತಿದೀರಾ? ಹೋದ್ಸಲನೇ ಹೇಳಿದ್ನಲ್ಲ, ಕ್ಲಚ್ ಪೆಡಲ್ ಮೇಲೇ ಕಾಲಿಟ್ಕೊಂಡು ಓಡಿಸ್ತೀರಾ, ಅದಕ್ಕೇ ಪ್ಲೇಟ್ ಬೇಗ ಹೋಗಿದ್ದು."

ರಾಯರು ಏನೂ ಮಾತಾಡಲಿಲ್ಲ. ಜೇಬಿನಿಂದ ಫೋನ್ ತೆಗೆದರು ಅಷ್ಟೇ. ನಾವು ಗ್ಯಾರೇಜಿನ ಗೇಟು ದಾಟುವುದರೊಳಗೆ ಗ್ರೂಪಿನಲ್ಲಿ ಮೇಡಂ ಪ್ರಶ್ನೆ ಬಂದಿತ್ತು. "ಹಾಗಾದ್ರೆ ಆ 24 ಪೈಸೆ ಯಾರದು?"

ವಿಚಾರಣೆ ಇನ್ನೂ ನಡೆಯುತ್ತಿದೆ. ಅಲ್ಲಿಯವರೆಗೆ ರಾಯರು ಮುಂದಿನ ಸೀಟಿನಲ್ಲಿ ಕೂತು ರಸ್ತೆ ನೋಡುವುದನ್ನು ಬಿಟ್ಟಿದ್ದಾರೆ. ಬನಶಂಕರಿ ಕಡೆಯಿಂದ ಬಂದ ನನಗೆ ನಮಸ್ಕಾರ ಹೇಳಿ, ಬೆಲ್ಟು ಹಾಕಿಕೊಂಡು, ಎಲೆಕ್ಟ್ರಾನಿಕ್ ಸಿಟಿ ಬರುವವರೆಗೂ ನನ್ನ ಎಡಗಾಲನ್ನೇ ನೋಡುತ್ತಾ ಕೂತಿರುತ್ತಾರೆ.