ಮೇಡಂ, ಆ 11 ದಿನಗಳನ್ನು ಒಮ್ಮೆ ನೋಡಿ

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಬಗ್ಗೆ ನಾನು ಇಂಗ್ಲಿಷಿನಲ್ಲಿ ಬರೆದ ಅಸೈನ್‌ಮೆಂಟನ್ನು ಕಾಲೇಜಿನ ಸಾಫ್ಟ್‌ವೇರ್ 'ಶೇ. 68 ಎಐ ಬರಹ' ಎಂದಿತು. ಅಂಕ ತಡೆಹಿಡಿದರು. ತಡೆಯುವ ಮೊದಲು ನನ್ನನ್ನು ಒಂದು ಮಾತು ಕೇಳಬೇಕಿತ್ತು ಅಂತ ನನಗೆ ಈಗಲೂ ಅನಿಸುತ್ತದೆ. ನಾಲ್ಕು ದಿನ ಊಟ ಸೇರಲಿಲ್ಲ. ಆಮೇಲೆ ಕೂತು ಮೇಡಂಗೆ ಈ ಪತ್ರ ಬರೆದೆ. ಬೇರೆಯವರಿಗೂ ಬೇಕಾಗಬಹುದು ಅಂತ ಇಲ್ಲಿ ಹಾಕುತ್ತಿದ್ದೇನೆ.

ಮೇಡಂ, ನಮಸ್ಕಾರ.

ಅದನ್ನು ನಾನೇ ಬರೆದದ್ದು. ಬರೀ ಮಾತಲ್ಲಿ ಹೇಳಿದರೆ ಸಾಲದು ಅಲ್ವಾ, ಅದಕ್ಕೆ ಗೂಗಲ್ ಡಾಕ್ಸ್ ಲಿಂಕ್ ಕಳಿಸಿದ್ದೇನೆ. ನಿಮಗೆ Editor ಅನುಮತಿ ಕೊಟ್ಟಿದ್ದೇನೆ. Viewer ಆಗಿ ತೆರೆದರೆ ಹಳೆಯ ಡ್ರಾಫ್ಟ್‌ಗಳು ಕಾಣುವುದಿಲ್ಲ. ನಾನು ಸಲ್ಲಿಸಿದ ಪಿಡಿಎಫ್‌ನಲ್ಲೂ ಅವು ಇರುವುದಿಲ್ಲ. File > Version history > See version history ಒತ್ತಿದರೆ 11 ದಿನಗಳ ಬರವಣಿಗೆ ತಾರೀಖು ಸಮೇತ ಬರುತ್ತದೆ.

ದಯವಿಟ್ಟು 4ನೇ ದಿನದ್ದನ್ನು ನೋಡಿ. ಭತ್ತವನ್ನೇ ಬಿಸಿ ಮರಳಿಗೆ ಹಾಕಿದರೆ ಮಂಡಕ್ಕಿ ಆಗುತ್ತದೆ ಅಂತ ಬರೆದಿದ್ದೆ. ಮರುದಿನ ಭಟ್ಟಿಯ ಅಜ್ಜ "ಏ ತಂಗಿ, ಅದು ಅರಳು. ಮಂಡಕ್ಕಿಗೆ ಮೊದಲು ಭತ್ತ ಅಕ್ಕಿ ಆಗಬೇಕು" ಅಂದರು. 5ನೇ ದಿನ ಸಂಜೆ ಆ ಇಡೀ ಪ್ಯಾರಾ ಅಳಿಸಿ ಹೊಸದಾಗಿ ಬರೆದದ್ದು ಅಲ್ಲಿದೆ.

ಒಂದು ವಿಷಯ ನಾನೇ ಹೇಳಿಬಿಡುತ್ತೇನೆ. 7ನೇ ದಿನ ರಾತ್ರಿ ಸುಮಾರು 120 ಪದ ಒಂದೇ ಸಲಕ್ಕೆ ಬಂದು ಕೂತಿವೆ. ಅವು ಭಟ್ಟಿಯಲ್ಲೇ ಫೋನಿನಲ್ಲಿ ಟೈಪ್ ಮಾಡಿಕೊಂಡಿದ್ದವು. ಆ ನೋಟ್ ಇನ್ನೂ ಫೋನಿನಲ್ಲಿದೆ, ತೋರಿಸುತ್ತೇನೆ.

ಜಾಸ್ತಿ ಗುರುತು ಬಿದ್ದಿರುವುದು ಪೀಠಿಕೆಗೆ. ನಾನು ಕನ್ನಡದಲ್ಲಿ ಯೋಚಿಸಿ, ಗೊತ್ತಿರುವ ಸರಳ ಇಂಗ್ಲಿಷಿನಲ್ಲಿ, ಒಂದೇ ಥರದ ವಾಕ್ಯಗಳಲ್ಲಿ ಬರೆಯುತ್ತೇನೆ. ಇಂಥ ಸಾಫ್ಟ್‌ವೇರ್‌ಗಳಲ್ಲಿ ಹಲವು, ಮುಂದಿನ ಪದವನ್ನು ಎಷ್ಟು ಸುಲಭವಾಗಿ ಊಹಿಸಬಹುದು ಅಂತ ನೋಡುತ್ತವೆ. ಸರಳ ಇಂಗ್ಲಿಷ್ ಅಲ್ಲೇ ಸಿಕ್ಕಿಬೀಳುತ್ತದೆ. 2023ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು, ಇಂಗ್ಲಿಷ್ ಮನೆಮಾತಲ್ಲದವರು ಟೋಫೆಲ್ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಇಂಥ 7 ಸಾಧನಗಳಿಗೆ ಕೊಟ್ಟು ನೋಡಿದರು. ಸರಾಸರಿ ಶೇ. 61ರಷ್ಟನ್ನು ಅವು ಎಐ ಬರಹ ಎಂದು ತಪ್ಪಾಗಿ ಹೇಳಿದವು.

ಡ್ರಾಫ್ಟ್ ಹಿಸ್ಟರಿಯೂ ಪೂರ್ತಿ ಸಾಕ್ಷಿ ಅಲ್ಲ, ಮೇಡಂ. ಬೇರೆ ಸ್ಕ್ರೀನ್ ನೋಡಿಕೊಂಡು ಟೈಪ್ ಮಾಡಿದರೂ ಒಂದು ಹಿಸ್ಟರಿ ಉಳಿಯುತ್ತದೆ. ಆದರೆ ಹಾಗೆ ನಕಲು ಮಾಡಿದ್ದು ಸಾಮಾನ್ಯವಾಗಿ ಮೇಲಿನಿಂದ ಕೆಳಗೆ ನೇರ ಇಳಿಯುತ್ತದೆ. ನನ್ನದು ಮೂರು ಸಲ ಹಿಂದೆ ಹೋಗಿದೆ, ಕೂಲಿಯ ಲೆಕ್ಕ ಎರಡು ಸಲ ಬದಲಾಗಿದೆ. ಇಷ್ಟಾದ ಮೇಲೂ ಅನುಮಾನ ಇದ್ದರೆ 15 ನಿಮಿಷ ಕೊಡಿ. ಯಾವ ಪ್ಯಾರಾ ಬೇಕಾದರೂ ತೆಗೆದು ಕೇಳಿ. ಅದು ಎಲ್ಲಿಂದ ಬಂತು ಅಂತ ಹೇಳುತ್ತೇನೆ.

ನಿಮ್ಮ ವಿದ್ಯಾರ್ಥಿನಿ.

ಮೇಡಂ ಪತ್ರ ಪೂರ್ತಿ ಓದಿದರು. ಸೋಮವಾರ 11 ಗಂಟೆಗೆ ಬಾ ಅಂದಿದ್ದಾರೆ. ಭಟ್ಟಿಯಲ್ಲಿ ಬರೆದುಕೊಂಡ ನೋಟ್‌ಬುಕ್ಕನ್ನು ಈಗಲೇ ಬ್ಯಾಗಿಗೆ ಹಾಕಿಟ್ಟಿದ್ದೇನೆ.