ಮರ ನಿಂತಲ್ಲಿ ಆಕ್ಸಿಜನ್ ಮುಗಿಯುತ್ತಾ?

ಫಾರ್ವರ್ಡ್: "ಹಿಮಾಲಯದಲ್ಲಿ ಒಂದು ಎತ್ತರದ ಮೇಲೆ ಮರಗಳೇ ಇಲ್ಲ. ಯಾಕಂದ್ರೆ ಅಲ್ಲಿ ಆಕ್ಸಿಜನ್ ಇಲ್ಲ!"

ಸತ್ಯಾಂಶ: ಮರವನ್ನು ತಡೆಯುವುದು ಚಳಿ. ಉತ್ತರಾಖಂಡದ ತುಂಗನಾಥಕ್ಕೆ ಹೊರಟರೆ ದಾರಿಯಲ್ಲೇ ಇದು ಕಾಣುತ್ತದೆ. ಋಷಿಕೇಶದ ಸೆಕೆಯಲ್ಲಿ ಸಾಲ್ ಕಾಡು. ಮೇಲೇರಿದಂತೆ ಚೀರ್ ಪೈನ್, ಆಮೇಲೆ ಓಕ್ ಮತ್ತು ಕೆಂಪು ಹೂವಿನ ಬುರಾಂಶ್. ಚೋಪ್ತಾದಿಂದ ನಡೆಯುತ್ತಾ ಸುಮಾರು 3,300 ಮೀಟರ್ ತಲುಪಿದಾಗ ಮರಗಳು ಕುಳ್ಳಗಾಗಿ, ಬಾಗಿ, ನಿಂತೇಬಿಟ್ಟವು. ಮುಂದೆ ಬರೀ ಬುಗ್ಯಾಲ್, ಅಂದರೆ ಹುಲ್ಲುಗಾವಲು. ನನಗೂ ಏದುಸಿರು ಬಂತು, ನಿಜ. ಆದರೆ ಕಾಲಡಿಯಲ್ಲಿ ಹುಲ್ಲು, ಹೂವು ಆರಾಮಾಗಿದ್ದವು. ಅವಕ್ಕೂ ಆಕ್ಸಿಜನ್ ಬೇಕಲ್ವಾ?

ಸುಮಾರು 5 ಡಿಗ್ರಿಗಿಂತ ಕೆಳಗೆ ಮರದಲ್ಲಿ ಹೊಸ ಕೋಶಗಳು ಬೆಳೆಯುವುದು ಹೆಚ್ಚುಕಮ್ಮಿ ನಿಲ್ಲುತ್ತದೆ. ಬೇಸಿಗೆಯೇ ತಣ್ಣಗಿದ್ದರೆ ಕಾಂಡ ಕಟ್ಟುವುದು ಹೇಗೆ? ಎತ್ತರದ ಮರದ ತಲೆ ತಣ್ಣನೆ ಗಾಳಿಯಲ್ಲೇ ಇರುತ್ತದೆ. ನೆಲಕ್ಕಂಟಿದ ಗಿಡಕ್ಕೆ ಬಿಸಿಲಿಗೆ ಕಾದ ಮಣ್ಣಿನ ಶಾಖ ಸಿಗುತ್ತದೆ.

ಇನ್ನೂ ಅನುಮಾನವೇ? ಆಗ್ನೇಯ ಟಿಬೆಟ್‌ನಲ್ಲಿ ಜುನಿಪರ್ ಮರಗಳು ಸುಮಾರು 4,900 ಮೀಟರ್‌ವರೆಗೂ ಬೆಳೆಯುತ್ತವೆ. ಉತ್ತರ ಧ್ರುವದ ಕಡೆ ಸಮುದ್ರಮಟ್ಟದಲ್ಲೇ ಮರಗಳು ನಿಂತುಹೋಗುತ್ತವೆ. ಅಲ್ಲಿ ಆಕ್ಸಿಜನ್‌ಗೆ ಏನೂ ಕೊರತೆಯಿಲ್ಲ.