ಸ್ಪಷ್ಟನೆ: ಮರುಮಾದರಿ ಹೆಚ್ಚಿಸಿದರೆ ಯೀಲ್ಡ್‌ನ ಖಚಿತತೆ ಹೆಚ್ಚುವುದಿಲ್ಲ

ಹೀಗೊಂದು ಸಂದೇಶ ಹರಿದಾಡುತ್ತಿದೆ: "400 ಬೆಟ್‌ಗಳ ದಾಖಲೆಯನ್ನು ಬೂಟ್‌ಸ್ಟ್ರ್ಯಾಪ್‌ನಲ್ಲಿ 1 ಲಕ್ಷ ಸಲ ಓಡಿಸಿ. 1 ಲಕ್ಷ ಬೆಟ್ ಕಟ್ಟಿದಷ್ಟೇ ಖಚಿತವಾದ ಯೀಲ್ಡ್ ಸಿಗುತ್ತದೆ."

ಇದು ತಪ್ಪು. ಬೂಟ್‌ಸ್ಟ್ರ್ಯಾಪ್ ಹೊಸ ಮಾಹಿತಿಯನ್ನು ಹುಟ್ಟಿಸುವುದಿಲ್ಲ. ದಾಖಲೆಯಲ್ಲಿರುವ ಬೆಟ್‌ಗಳಿಂದಲೇ, ಒಮ್ಮೆ ಎತ್ತಿದ್ದನ್ನು ಮತ್ತೆ ಒಳಗೆ ಹಾಕುತ್ತಾ, ಪ್ರತಿ ಸಲವೂ 400 ಬೆಟ್‌ಗಳ ಒಂದು ಮರುಮಾದರಿ ಆರಿಸಿ ಯೀಲ್ಡ್, ಅಂದರೆ ಕಟ್ಟಿದ ಒಟ್ಟು ಹಣದಲ್ಲಿ ಲಾಭದ ಪಾಲು, ಲೆಕ್ಕ ಹಾಕುತ್ತದೆ. ಹೀಗೆ ಬಂದ ಯೀಲ್ಡ್‌ಗಳನ್ನು ಏರಿಕೆಯ ಕ್ರಮದಲ್ಲಿಟ್ಟು ಎರಡೂ ತುದಿಯ ಶೇ. 2.5ರಷ್ಟನ್ನು ಬಿಟ್ಟರೆ ಉಳಿಯುವುದೇ ಶೇ. 95ರ ವ್ಯಾಪ್ತಿ.

ಎಲ್ಲ ಬೆಟ್‌ಗಳೂ ಸಮಾನ ಮೊತ್ತದವು, ಆಡ್ಸ್ 2.00, ಗೆದ್ದದ್ದು 210 ಎಂದುಕೊಳ್ಳಿ. ಯೀಲ್ಡ್ ಶೇ. 5. ಬೂಟ್‌ಸ್ಟ್ರ್ಯಾಪ್ ಕೊಡುವ ವ್ಯಾಪ್ತಿ ಸುಮಾರು ಶೇ. −5ರಿಂದ +15. ಅಂದರೆ ನಿಜವಾದ ಯೀಲ್ಡ್ ನಷ್ಟದಲ್ಲಿರುವ ಸಾಧ್ಯತೆಯನ್ನು ಈ ದಾಖಲೆ ತಳ್ಳಿಹಾಕುವುದಿಲ್ಲ. 10 ಸಾವಿರದ ಬದಲು 1 ಲಕ್ಷ ಸಲ ಓಡಿಸಿದರೆ ಈ ತುದಿಗಳು ಅಲುಗಾಡುವುದು ಕಡಿಮೆಯಾಗುತ್ತದೆ, ಅಷ್ಟೇ. ವ್ಯಾಪ್ತಿ ಅರ್ಧಕ್ಕೆ ಇಳಿಯಬೇಕಾದರೆ ನಿಜವಾದ 1,600 ಬೆಟ್‌ಗಳೇ ಬೇಕು. ಆಡ್ಸ್ ದೊಡ್ಡದಾದಷ್ಟೂ ಇಷ್ಟೇ ಕಿರಿದಾದ ವ್ಯಾಪ್ತಿಗೆ ಇನ್ನೂ ಹೆಚ್ಚು ಬೆಟ್‌ಗಳು ಬೇಕು.

ನಿಮ್ಮ ಫಲಿತಾಂಶವನ್ನು ಪರೀಕ್ಷಿಸುವುದು ಸುಲಭ: ಒಂದು ಬೆಟ್‌ನ ಲಾಭನಷ್ಟದ ಪ್ರಮಾಣ ವಿಚಲನೆಯನ್ನು ಬೆಟ್‌ಗಳ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿ. ಇಲ್ಲಿ 1 ÷ 20, ಅಂದರೆ ಶೇ. 5; ಅದರ ಎರಡು ಪಟ್ಟು ಆಚೀಚೆ. ಇದಕ್ಕಿಂತ ತೀರಾ ಕಿರಿದಾದ ವ್ಯಾಪ್ತಿ ಬಂದಿದ್ದರೆ ಪ್ರತಿ ಮರುಮಾದರಿಯಲ್ಲೂ 400ಕ್ಕಿಂತ ಹೆಚ್ಚು ಬೆಟ್ ಆರಿಸಿರಬಹುದು. ಒಂದೇ ಪಂದ್ಯದ ಮೇಲಿನ ಹಲವು ಬೆಟ್‌ಗಳನ್ನು ಮಾತ್ರ ಒಂದು ಗುಂಪಾಗಿಯೇ ಎತ್ತಬೇಕು, ಅವುಗಳ ಸೋಲು ಗೆಲುವು ಒಂದಕ್ಕೊಂದು ತಳಕು ಹಾಕಿಕೊಂಡಿರುತ್ತದೆ.

ದಯವಿಟ್ಟು ಆ ಸಂದೇಶವನ್ನು ಇನ್ನು ಮುಂದೆ ಯಾರಿಗೂ ಕಳುಹಿಸಬೇಡಿ. ಅದನ್ನು ನಂಬಿ ಬೆಟ್‌ನ ಮೊತ್ತ ಹೆಚ್ಚಿಸುವವರ ಹಣ ನಿಜವಾಗಿಯೂ ಹೋಗಬಹುದು.